ಮೆಸೇಜು ಹೋಗಿ ದರಪಟ್ಟಿಯಾದದ್ದು: ತೊಗರಿ ಮಾರಾಟದ ಕಡತ, ಫೆಬ್ರುವರಿ 2024

ರೈತ ಉತ್ಪಾದಕರ ಸಂಘದ ನಿರ್ದೇಶಕರ ಗಮನಕ್ಕೆ,

ಈ ಹಂಗಾಮಿನಲ್ಲಿ ಖರೀದಿದಾರರಿಗೆ ನಾನು ಮೊಬೈಲಿನಲ್ಲಿ ಟೈಪ್ ಮಾಡಿದ ಮೆಸೇಜುಗಳೂ ಅವುಗಳ ಬದಲು ಕೊನೆಗೆ ಕಳುಹಿಸಿದ ಪತ್ರಗಳೂ ಈ ಕಡತದಲ್ಲಿವೆ. ಹೋದ ವರ್ಷ 80 ಕ್ವಿಂಟಲ್ ತೊಗರಿಗೆ ಒಬ್ಬ ಗಿರಣಿಯವರು ಧೂಳಿನ ಹೆಸರಿನಲ್ಲಿ ಕ್ವಿಂಟಲಿಗೆ ಎರಡು ಕಿಲೋ ಮುರಿದುಕೊಂಡರು. ಜಗಳ ಮಾಡಲು ನಮ್ಮ ಕೈಯಲ್ಲಿ ಇದ್ದದ್ದು ನನ್ನದೇ ಒಂದು ಮೆಸೇಜು, ಅದರಲ್ಲಿ ಇದ್ದದ್ದು ‘ನೀವು ಹೇಳಿದ ಹಾಗೆ ಆಗಲಿ’ ಎಂಬ ಮಾತು. 160 ಕಿಲೋ ಹೋಯಿತು. ಆ ಮೆಸೇಜನ್ನು ಇಲ್ಲಿ ಹಾಕಿಲ್ಲ, ಓದಿದರೆ ಈಗಲೂ ಮೈ ಉರಿಯುತ್ತದೆ.

ಒಂದು: ಹುಮನಾಬಾದಿನ ಬೇಳೆ ಗಿರಣಿಗೆ

ಮೊದಲು ಬರೆದ ಮೆಸೇಜು:

> ಶರಣು ಸಾಹುಕಾರರೇ. ರಾಶಿ ಮುಗಿದಿದೆ, ಕಾಳು ಬಂಗಾರದ ಹಾಗೆ ಇದೆ. ನೂರು ನೂರಿಪ್ಪತ್ತು ಕ್ವಿಂಟಲ್ ಆಗಬಹುದು. ಬೆಂಬಲ ಬೆಲೆಯ ಮೇಲೆ ಏನಾದರೂ ನೋಡಿ ಹಾಕಿ, ರೈತರಿಗೂ ನಾಲ್ಕು ಕಾಸು ಉಳಿಯಲಿ. ಲಾರಿ, ಹಮಾಲಿ ಆಮೇಲೆ ನೋಡಿಕೊಳ್ಳೋಣ. ನಿಮ್ಮ ಮೇಲೆ ಭರವಸೆ ಇದೆ.

ಕಳುಹಿಸುವ ಗುಂಡಿಯ ಮೇಲೆ ಬೆರಳು ಇಟ್ಟಾಗ ‘ಬೆಂಬಲ ಬೆಲೆ’ ಎಂಬ ಮಾತು ಕಣ್ಣಿಗೆ ಬಿತ್ತು. ಈ ಹಂಗಾಮಿನ ತೊಗರಿ ಬೆಂಬಲ ಬೆಲೆ ₹7,000. ಪೇಟೆ ಅದನ್ನು ಎಂದೋ ದಾಟಿ ಹೋಗಿದೆ. ನಾವಾಗಿಯೇ ಆ ಹೆಸರು ಎತ್ತಿದರೆ ಸಾಹುಕಾರರು ಚೌಕಾಶಿಯನ್ನು ಅಲ್ಲಿಂದಲೇ ಶುರು ಮಾಡುತ್ತಾರೆ. ಇನ್ನು ‘ನೂರು ನೂರಿಪ್ಪತ್ತು’ ಎಂದರೆ ಇಪ್ಪತ್ತು ಕ್ವಿಂಟಲಿನ ಅಂತರ, ಲಾರಿಯನ್ನು ಯಾವ ಲೆಕ್ಕದ ಮೇಲೆ ಗೊತ್ತು ಮಾಡುವುದು? ಗೋದಾಮಿಗೆ ಹೋಗಿ ಚೀಲ ಎಣಿಸಿ, ತೇವಾಂಶದ ಯಂತ್ರದಲ್ಲಿ ಹತ್ತು ಚೀಲದ ಕಾಳು ನೋಡಿ ಬಂದ ಮೇಲೆ ಬರೆದದ್ದು ಇದು:

ದರಪಟ್ಟಿ
ಸಂಖ್ಯೆ: 07/2023-24
ದಿನಾಂಕ: 12 ಫೆಬ್ರುವರಿ 2024

ಇಂದ: ಕಾರ್ಯದರ್ಶಿ, ರೈತ ಉತ್ಪಾದಕರ ಸಂಘ, ಚಿತ್ತಾಪುರ ತಾಲ್ಲೂಕು, ಕಲಬುರಗಿ ಜಿಲ್ಲೆ
ಗೆ: ಮಾಲೀಕರು, ಬೇಳೆ ಗಿರಣಿ, ಹುಮನಾಬಾದ್, ಬೀದರ್ ಜಿಲ್ಲೆ

ಮಾನ್ಯರೇ,

ನೀವು ಫೋನಿನಲ್ಲಿ ವಿಚಾರಿಸಿದಂತೆ ನಮ್ಮ ಸದಸ್ಯರ ಈ ಹಂಗಾಮಿನ ತೊಗರಿ ಕಾಳಿಗೆ ಕೆಳಗಿನ ದರವನ್ನು ತಿಳಿಸುತ್ತಿದ್ದೇವೆ.

ಸರಕು: ತೊಗರಿ ಕಾಳು, ಟಿಎಸ್-3ಆರ್ ತಳಿ, ಯಂತ್ರದಲ್ಲಿ ಸ್ವಚ್ಛ ಮಾಡಿದ್ದು.
ಪ್ರಮಾಣ: 120 ಕ್ವಿಂಟಲ್, ತಲಾ 50 ಕಿಲೋದ 240 ಪ್ಲಾಸ್ಟಿಕ್ ಚೀಲ. ಚೀಲದ ಬೆಲೆ ದರದಲ್ಲೇ ಸೇರಿದೆ.
ದರ: ನಮ್ಮ ಗೋದಾಮಿನಲ್ಲಿ ಕ್ವಿಂಟಲಿಗೆ ₹9,800. ಒಟ್ಟು ₹11,76,000.
ಸಾಗಾಟ: ಹುಮನಾಬಾದಿನವರೆಗೆ ಕ್ವಿಂಟಲಿಗೆ ₹90, ಒಟ್ಟು ₹10,800. ಲಾರಿಯನ್ನು ನಾವೇ ಗೊತ್ತು ಮಾಡುತ್ತೇವೆ. ಏರಿಸುವ ಹಮಾಲಿ ನಮ್ಮದು, ಇಳಿಸುವ ಹಮಾಲಿ ನಿಮ್ಮದು.
ಗಿರಣಿಗೆ ತಲುಪಿಸಿದ ಒಟ್ಟು ಬೆಲೆ: ₹11,86,800.
ತೆರಿಗೆ: 25 ಕಿಲೋ ಮೀರಿದ ಚೀಲದಲ್ಲಿರುವ ತೊಗರಿ ಕಾಳಾದ್ದರಿಂದ ಜಿಎಸ್‌ಟಿ ಇಲ್ಲ. ಮಾರುಕಟ್ಟೆ ಶುಲ್ಕ ಬರುವುದಾದರೆ ಅದು ಖರೀದಿದಾರರದು.

ಗುಣಮಟ್ಟ: ಇಂದು ನಾವು ಪರೀಕ್ಷಿಸಿದ ಹತ್ತು ಚೀಲಗಳ ಸರಾಸರಿ ತೇವಾಂಶ ಶೇ 10.4. ಗಿರಣಿಯಲ್ಲಿ ಶೇ 11ರವರೆಗೆ ಯಾವ ಕಡಿತವೂ ಇಲ್ಲ. ಶೇ 11 ದಾಟಿ 12ರವರೆಗೆ ಇದ್ದರೆ ಕ್ವಿಂಟಲಿಗೆ ಒಂದು ಕಿಲೋ ಕಳೆಯಬಹುದು. ಶೇ 12 ಮೀರಿದ ಚೀಲಗಳನ್ನು ನಮ್ಮ ಖರ್ಚಿನಲ್ಲಿ ವಾಪಸು ತರುತ್ತೇವೆ. ಕಸಕಡ್ಡಿ, ಮಣ್ಣು ಶೇ 1ರೊಳಗೆ, ಹುಳು ತಿಂದ ಮತ್ತು ಒಡೆದ ಕಾಳು ಶೇ 2ರೊಳಗೆ ಇರುತ್ತದೆ. ಇವುಗಳ ಹೊರತು ಧೂಳು, ಬಣ್ಣ, ಗಾತ್ರದ ಕಾರಣಕ್ಕೆ ತೂಕ ಕಡಿಯುವುದಕ್ಕೆ ನಮ್ಮ ಒಪ್ಪಿಗೆ ಇಲ್ಲ. ಎರಡು ಕಿಲೋ ಮಾದರಿಯನ್ನು ಮೊಹರು ಮಾಡಿ ಈ ಪತ್ರದ ಜೊತೆ ಕಳುಹಿಸಿದ್ದೇವೆ, ಅದೇ ರೀತಿ ಮೊಹರು ಮಾಡಿದ ಇನ್ನೆರಡು ಕಿಲೋ ನಮ್ಮ ಬಳಿ ಇದೆ.

ತೂಕ: ಇಲ್ಲಿನ ಮತ್ತು ನಿಮ್ಮಲ್ಲಿನ ಎರಡೂ ತೂಕದ ಚೀಟಿಗಳು ಲೆಕ್ಕಕ್ಕೆ ಬರುತ್ತವೆ. ಶೇ 0.25ರವರೆಗಿನ ವ್ಯತ್ಯಾಸವನ್ನು, ಅಂದರೆ ಈ ಸರಕಿಗೆ 30 ಕಿಲೋವನ್ನು, ಇಬ್ಬರೂ ಲೆಕ್ಕಕ್ಕೆ ಹಿಡಿಯುವಂತಿಲ್ಲ.

ಹಣ: ಒಪ್ಪಿಗೆಯ ಜೊತೆಗೆ ಶೇ 30, ಅಂದರೆ ₹3,56,040 ಮುಂಗಡ. ಉಳಿದದ್ದು ಸರಕು ಇಳಿದ ಮೂರು ಕೆಲಸದ ದಿನಗಳೊಳಗೆ ಸಂಘದ ಬ್ಯಾಂಕ್ ಖಾತೆಗೆ. ಯಾವ ಸದಸ್ಯರಿಗೂ ನೇರವಾಗಿ ನಗದು ಕೊಡಬಾರದು.

ಈ ದರ 15 ಫೆಬ್ರುವರಿ 2024, ಗುರುವಾರ ಸಂಜೆ 5 ಗಂಟೆಯವರೆಗೆ ಮಾತ್ರ. ಮುಂಗಡ ಬಂದರೆ 19ರಂದು ಸರಕು ಏರಿಸುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ

ಇದನ್ನು ಓದಿ ಸಾಹುಕಾರರು ಫೋನ್ ಮಾಡಿದರು. ‘ಏನಮ್ಮಾ, ಕೋರ್ಟಿಗೆ ಹೋಗುವ ಹಾಗೆ ಬರೆದಿದ್ದೀರಿ?’ ಎಂದು ನಕ್ಕರು. ಧೂಳಿನ ಸಾಲನ್ನು ಮಾತ್ರ ಎರಡು ಬಾರಿ ಓದಿಸಿಕೊಂಡರು. ಬುಧವಾರ ಮುಂಗಡ ಬಂತು.

ಎರಡು: ಬೆಂಗಳೂರಿನ ಸಾವಯವ ಅಂಗಡಿಗೆ

> ಅಕ್ಕಾ ನಮಸ್ಕಾರ. ಬೇಳೆ ಆಗಿದೆ, ಒಂದು ಕಿಲೋ ಪ್ಯಾಕೆಟ್. 175 ಆಸುಪಾಸು ಹಿಡಿದುಕೊಳ್ಳಿ, ಟ್ಯಾಕ್ಸ್ ಎಲ್ಲ ಸೇರಿ. ನಮ್ಮದು ಜಿಐ ಟ್ಯಾಗ್ ಮಾಲು, ರಾಸಾಯನಿಕ ಏನೂ ಇಲ್ಲ. ಬಸ್ಸಿಗೆ ಹಾಕುತ್ತೇನೆ.

ನಮಸ್ಕಾರ ಬಿಟ್ಟರೆ ನಾಲ್ಕು ವಾಕ್ಯ, ಎರಡು ತಪ್ಪು. ಗುಲಬರ್ಗಾ ತೊಗರಿ ಬೇಳೆಗೆ ಭೌಗೋಳಿಕ ಗುರುತು ಸಿಕ್ಕಿದ್ದು 2019ರಲ್ಲಿ, ಅದು ನಿಜ. ಆದರೆ ಆ ಗುರುತನ್ನು ಪೊಟ್ಟಣದ ಮೇಲೆ ಹಾಕಲು ಅಧಿಕೃತ ಬಳಕೆದಾರರಾಗಿ ನೋಂದಣಿ ಆಗಿರಬೇಕು. ನಮ್ಮ ಸಂಘ ಇನ್ನೂ ಆಗಿಲ್ಲ. ‘ರಾಸಾಯನಿಕ ಏನೂ ಇಲ್ಲ’ ಎಂಬುದು ಅದಕ್ಕಿಂತ ದೊಡ್ಡ ಸುಳ್ಳು. ಕಾಯಿಕೊರಕಕ್ಕೆ ನಮ್ಮ ಸದಸ್ಯರು ಎರಡು ಬಾರಿ ಔಷಧಿ ಹೊಡೆದಿದ್ದಾರೆ, ಅದರ ಬಿಲ್ಲು ನಮ್ಮದೇ ಅಂಗಡಿಯ ಪುಸ್ತಕದಲ್ಲಿದೆ. ಮಾರಬೇಕೆಂಬ ಆಸೆಯಲ್ಲಿ ಕೈ ತಾನಾಗಿ ಬರೆದುಬಿಡುತ್ತದೆ.

ದರಪಟ್ಟಿ
ಸಂಖ್ಯೆ: 08/2023-24
ದಿನಾಂಕ: 13 ಫೆಬ್ರುವರಿ 2024

ಮಾನ್ಯರೇ,

ಪಾಲಿಶ್ ಮಾಡದ, ಎಣ್ಣೆ ಹಚ್ಚದ ತೊಗರಿ ಬೇಳೆ, ಒಂದು ಕಿಲೋ ಪೊಟ್ಟಣ, 200 ಪೊಟ್ಟಣ. ಪೊಟ್ಟಣಕ್ಕೆ ₹168, ಒಟ್ಟು ₹33,600. ಮೊದಲೇ ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ ಸರಕಾದ್ದರಿಂದ ಶೇ 5 ಜಿಎಸ್‌ಟಿ ₹1,680 (ಕೇಂದ್ರ ₹840, ರಾಜ್ಯ ₹840). ಒಟ್ಟು ₹35,280.

ಈ ಬೇಳೆ ಚಿತ್ತಾಪುರ ತಾಲ್ಲೂಕಿನ ನಮ್ಮ ಸದಸ್ಯರ ಹೊಲದ್ದು. ಇದಕ್ಕೆ ಸಾವಯವ ಪ್ರಮಾಣಪತ್ರ ಇಲ್ಲ, ಪೊಟ್ಟಣದ ಮೇಲೆ ಭೌಗೋಳಿಕ ಗುರುತೂ ಇಲ್ಲ. ನಿಮ್ಮ ಅಂಗಡಿಯಲ್ಲಿ ಇದನ್ನು ಸಾವಯವ ಎಂಬ ಫಲಕದ ಕೆಳಗೆ ಇಡಬಾರದೆಂದು ಕೋರುತ್ತೇವೆ. ಆಹಾರ ಸುರಕ್ಷತಾ ಪರವಾನಗಿ ಸಂಖ್ಯೆ, ಪೊಟ್ಟಣ ಕಟ್ಟಿದ ತಿಂಗಳು ಮತ್ತು ಗರಿಷ್ಠ ಮಾರಾಟ ಬೆಲೆ ಲೇಬಲಿನ ಮೇಲಿವೆ.

ಸಾರಿಗೆ ಬಸ್ಸಿನ ಪಾರ್ಸೆಲ್ ಮೂಲಕ ಎಂಟು ರಟ್ಟಿನ ಪೆಟ್ಟಿಗೆಗಳಲ್ಲಿ ಕಳುಹಿಸುತ್ತೇವೆ. ಬಾಡಿಗೆಯನ್ನು ಪಾರ್ಸೆಲ್ ಪಡೆಯುವಾಗ ನೀವೇ ಕೊಡಬೇಕು. ಅರ್ಧ ಹಣ, ₹17,640 ಮುಂಗಡ, ಉಳಿದರ್ಧ ಸರಕು ತಲುಪಿದ ಏಳು ದಿನಗಳೊಳಗೆ. ಹರಿದ ಪೊಟ್ಟಣ ಇದ್ದರೆ 48 ಗಂಟೆಯೊಳಗೆ ಫೋಟೊ ಸಹಿತ ತಿಳಿಸಿದಲ್ಲಿ ಹಣ ಬಿಡುತ್ತೇವೆ.

ದರ ಫೆಬ್ರುವರಿ 20ರವರೆಗೆ.

ಕಾರ್ಯದರ್ಶಿ

ಆರ್ಡರ್ ತಪ್ಪುತ್ತದೆ ಎಂದುಕೊಂಡಿದ್ದೆ. ಅಕ್ಕ ‘ಪಕ್ಕದ ಕಪಾಟಿನಲ್ಲಿ ಇಡುತ್ತೇನೆ ಬಿಡಿ’ ಎಂದಷ್ಟೇ ಉತ್ತರ ಕೊಟ್ಟು ಮುಂಗಡ ಹಾಕಿದರು.

ಮೂರು: ಲಾರಿ ಹೊರಟ ದಿನ

> ಸಾಹುಕಾರರೇ ಲಾರಿ ಬಿಟ್ಟಿದೆ, ಬೆಳಿಗ್ಗೆ ಬರುತ್ತದೆ.

ಹೀಗೆ ಕಳುಹಿಸಿದ್ದೆ, ಅದು ಹೋಗಿಯೂ ಬಿಟ್ಟಿತು. ಹತ್ತು ನಿಮಿಷ ಬಿಟ್ಟು ಇದನ್ನು ಕಳುಹಿಸಿದೆ:

ಸರಕು ರವಾನೆ ಸೂಚನೆ, 19 ಫೆಬ್ರುವರಿ 2024. ದರಪಟ್ಟಿ 07/2023-24ರ ಪ್ರಕಾರ 240 ಚೀಲ ತೊಗರಿ ಕಾಳು ಇಂದು ಸಂಜೆ 6:40ಕ್ಕೆ ಹತ್ತು ಚಕ್ರದ ಲಾರಿಯಲ್ಲಿ ಹೊರಟಿದೆ. ತುಂಬಿದ ಲಾರಿ 21,240 ಕಿಲೋ, ಖಾಲಿ ಲಾರಿ 9,200 ಕಿಲೋ, ವ್ಯತ್ಯಾಸ 12,040 ಕಿಲೋ. ಚೀಲದ ತೂಕ 30 ಕಿಲೋ ಕಳೆದು ನಿವ್ವಳ 12,010 ಕಿಲೋ. ಬಿಲ್ಲು 12,000 ಕಿಲೋಗೆ. ಬಿಲ್ಲು, ತೂಕದ ಚೀಟಿ ಮತ್ತು ಚೀಲಗಳ ಪಟ್ಟಿ ಚಾಲಕರ ಬಳಿ ಇವೆ. ಟಾರ್ಪಾಲಿನ ಹಗ್ಗದ ಗಂಟಿಗೆ ಸಂಘದ ಮೊಹರು ಹಾಕಿದೆ. ಮೊಹರು ಒಡೆದಿದ್ದರೆ ಇಳಿಸುವ ಮೊದಲು ನನಗೆ ಫೋನ್ ಮಾಡಿ.

ನಾಲ್ಕು: ಗಿರಣಿಯಲ್ಲಿ ಇಳಿದ ಮೇಲೆ

ಮರುದಿನ ಮಧ್ಯಾಹ್ನ ಅಲ್ಲಿನ ಗುಮಾಸ್ತರಿಂದ ಫೋನ್: ‘ಇಪ್ಪತ್ತು ಕಿಲೋ ಕಡಿಮೆ ಬಂದಿದೆ, ಸ್ವಲ್ಪ ಧೂಳೂ ಇದೆ, ಏನು ಮಾಡೋಣ?’ ನನ್ನ ಬೆರಳು ಎಂದಿನಂತೆ ಬರೆದದ್ದು:

> ಆಗಲಿ ಅಣ್ಣಾ, ಸಣ್ಣದಕ್ಕೆಲ್ಲ ಏಕೆ, ನೀವೇ ಹೊಂದಿಸಿ.

ಅಳಿಸಿದೆ. ಚಹಾ ಕುಡಿದು ಬಂದು ಇದನ್ನು ಬರೆದೆ.

ಸರಕು ತಲುಪಿದ ದೃಢೀಕರಣ
ದಿನಾಂಕ: 20 ಫೆಬ್ರುವರಿ 2024

ಮಾನ್ಯರೇ,

240 ಚೀಲಗಳೂ ಇಂದು ಬೆಳಿಗ್ಗೆ 9:15ಕ್ಕೆ ಮೊಹರು ಸಹಿತ ನಿಮ್ಮ ಗಿರಣಿ ತಲುಪಿವೆ ಎಂದು ನಿಮ್ಮ ಗುಮಾಸ್ತರು ಸಹಿ ಮಾಡಿದ್ದಾರೆ. ನಿಮ್ಮಲ್ಲಿ ತುಂಬಿದ ಲಾರಿ 21,210 ಕಿಲೋ, ಖಾಲಿ 9,200 ಕಿಲೋ, ಚೀಲ ಕಳೆದು ನಿವ್ವಳ 11,980 ಕಿಲೋ. ಬಿಲ್ಲಿಗಿಂತ 20 ಕಿಲೋ ಕಡಿಮೆ. ದರಪಟ್ಟಿಯಲ್ಲಿ ಒಪ್ಪಿದ ಮಿತಿ 30 ಕಿಲೋ ಆದ್ದರಿಂದ ಇದಕ್ಕೆ ಕಡಿತವಿಲ್ಲ.

ನಿಮ್ಮ ಯಂತ್ರದಲ್ಲಿ ತೇವಾಂಶ ಶೇ 10.7 ಬಂದಿದೆ. ಧೂಳಿನ ಬಗ್ಗೆ ಅನುಮಾನ ಇದ್ದರೆ ಮೊಹರು ಮಾಡಿದ ಮಾದರಿಯನ್ನು ಒಡೆದು, ಅದರ ಪಕ್ಕದಲ್ಲಿಟ್ಟು ಇಳಿದ ಸರಕನ್ನು ಜರಡಿ ಹಿಡಿಯಬಹುದು. ನಾಳೆ ನಮ್ಮ ಒಬ್ಬ ನಿರ್ದೇಶಕರು ಬಂದು ಜೊತೆಗಿರುತ್ತಾರೆ. ಕಸ ಶೇ 1 ದಾಟಿದ್ದರೆ ದಾಟಿದಷ್ಟನ್ನು ಬಿಡುತ್ತೇವೆ.

ಒಟ್ಟು ₹11,86,800
ಬಂದ ಮುಂಗಡ ₹3,56,040
ಬರಬೇಕಾದದ್ದು ₹8,30,760, ಫೆಬ್ರುವರಿ 23, ಶುಕ್ರವಾರದೊಳಗೆ.

ಕಾರ್ಯದರ್ಶಿ

ನಿರ್ದೇಶಕರು ಹೋದರು, ಜರಡಿ ಹಿಡಿದರು. ಹತ್ತು ಕಿಲೋದಲ್ಲಿ ಬಂದ ಕಸ 60 ಗ್ರಾಂ, ಅಂದರೆ ಶೇ 0.6. ಗುಮಾಸ್ತರು ಅವರಿಗೆ ಊಟ ಹಾಕಿಸಿ ಕಳುಹಿಸಿದರು. ಶುಕ್ರವಾರ ಮಧ್ಯಾಹ್ನ ಪೂರ್ತಿ ಹಣ ಬಂತು.

ಐದು: ಬೆಂಗಳೂರಿನ ಪಾರ್ಸೆಲ್

ಅಕ್ಕ ಮೂರು ಹರಿದ ಪೊಟ್ಟಣಗಳ ಫೋಟೊ ಕಳುಹಿಸಿದ್ದರು. ಒಂದರ ಮೇಲೆ ಚಪ್ಪಲಿಯ ಅಚ್ಚು ಸ್ಪಷ್ಟವಾಗಿ ಕಾಣುತ್ತಿತ್ತು. ‘ಬಸ್ಸಿನವರ ಮೇಲೆ ಹಾಕೋಣ ಅಕ್ಕಾ’ ಎಂದು ಬರೆಯುವುದು ಸುಲಭವಿತ್ತು, ಆದರೆ ಪೆಟ್ಟಿಗೆಯ ರಟ್ಟು ತೆಳುವಾಗಿದ್ದದ್ದು ನಮ್ಮದೇ ಉಳಿತಾಯ.

ಸರಕು ತಲುಪಿದ ದೃಢೀಕರಣ
ದಿನಾಂಕ: 22 ಫೆಬ್ರುವರಿ 2024

ಮಾನ್ಯರೇ,

ದರಪಟ್ಟಿ 08/2023-24ರ 200 ಪೊಟ್ಟಣಗಳಲ್ಲಿ 197 ಸರಿಯಾಗಿಯೂ 3 ಹರಿದೂ ತಲುಪಿವೆ ಎಂಬ ನಿಮ್ಮ ಮಾಹಿತಿಯನ್ನು ಒಪ್ಪಿದ್ದೇವೆ. ಮೂರು ಪೊಟ್ಟಣದ ಬೆಲೆ ತೆರಿಗೆ ಸಹಿತ ₹529.20ಕ್ಕೆ ಕ್ರೆಡಿಟ್ ನೋಟ್ ಇದರ ಜೊತೆಗಿದೆ. ನೀವು ಕೊಡಬೇಕಾದ ಬಾಕಿ ₹17,640ರಿಂದ ಅದನ್ನು ಕಳೆದು ₹17,110.80. ಕೊನೆಯ ದಿನ ಫೆಬ್ರುವರಿ 28. ಹರಿದ ಪೊಟ್ಟಣಗಳನ್ನು ವಾಪಸು ಕಳುಹಿಸಬೇಕಿಲ್ಲ, ಮಾರಾಟಕ್ಕೂ ಇಡಬೇಡಿ.

ಮುಂದಿನ ಸರಕನ್ನು ದಪ್ಪ ರಟ್ಟಿನ ಪೆಟ್ಟಿಗೆಯಲ್ಲಿ, ಪೆಟ್ಟಿಗೆಗೆ 20 ಪೊಟ್ಟಣದಂತೆ ಕಳುಹಿಸುತ್ತೇವೆ. ಇದಕ್ಕಾಗಿ ದರ ಹೆಚ್ಚಿಸುವುದಿಲ್ಲ.

ಕಾರ್ಯದರ್ಶಿ
ರೈತ ಉತ್ಪಾದಕರ ಸಂಘ, ಚಿತ್ತಾಪುರ ತಾಲ್ಲೂಕು