ಡಾ. ಸಿಂಚನಾಗೆ, ಅತ್ತೆಯಿಂದ

ಮೈಸೂರು
ಭಾನುವಾರ ಬೆಳಿಗ್ಗೆ

ಪ್ರೀತಿಯ ಚಿನ್ನು,

ಪಾರ್ಸೆಲ್ ಮೇಲೆ ‘ಡಾ. ಸಿಂಚನಾ’ ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ, ನೋಡಿದೆಯಾ? ಪೋಸ್ಟಿನವರು ನಿಮ್ಮ ಅಂಗಳದಲ್ಲಿ ನಿಂತು ಅದನ್ನು ಜೋರಾಗಿ ಓದಲಿ ಅಂತಲೇ ಹಾಗೆ ಬರೆದದ್ದು. ಓದಿದರೆ ಅವರಿಗೊಂದು ಲೋಟ ಕಾಫಿ ಕೊಡಲು ಅಮ್ಮನಿಗೆ ಹೇಳು.

ಘಟಿಕೋತ್ಸವದ ಫೋಟೋಗಳು ನಿನ್ನೆ ರಾತ್ರಿ ಬಂದವು. ಮಾವ ಎರಡು ಸಲ ನೋಡಿ ಮಲಗಿದರು. ನಾನು ಎಷ್ಟು ಸಲ ನೋಡಿದೆ ಅಂತ ಹೇಳಲ್ಲ. ನಿಮ್ಮಪ್ಪ ಸಾಮಾನ್ಯವಾಗಿ ಎಲ್ಲ ಫೋಟೋದಲ್ಲೂ ಪಂಚಾಯಿತಿ ಆಫೀಸಿನ ಕ್ಯೂನಲ್ಲಿ ನಿಂತವನ ಹಾಗೆ ಇರುತ್ತಾನೆ. ಈ ಸಲ ಅಣ್ಣನ ಹಲ್ಲು ಕಾಣಿಸಿದೆ! ಅವನ ಮದುವೆ ಆಲ್ಬಮ್ಮಿನಲ್ಲೂ ಇಂಥದ್ದೊಂದು ಫೋಟೋ ಇಲ್ಲ, ಬೇಕಾದರೆ ತೆಗೆದು ನೋಡು. ಅತ್ತಿಗೆ ಮಾತ್ರ ಕಣ್ಣು ಒರೆಸಿಕೊಳ್ಳುವ ಹೊತ್ತಿಗೆ ಸರಿಯಾಗಿ ಸಿಕ್ಕಿಬಿದ್ದಿದ್ದಾರೆ. ಆ ಫೋಟೋ ಡಿಲೀಟ್ ಮಾಡು ಅಂತ ಅವರು ಹೇಳಿರುತ್ತಾರೆ. ಮಾಡಬೇಡ.

ಕೊನೆಗೂ ದನದ ಡಾಕ್ಟರ್ ಆದೆ, ಅಭಿನಂದನೆ ಕಣೇ. ತುಂಬಾ ತುಂಬಾ ಖುಷಿಯಾಗಿದೆ.

ಮುಂದೇನು, ಎಂ.ವಿ.ಎಸ್ಸಿ ಮಾಡ್ತೀಯಾ, ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕ್ತೀಯಾ, ಇದೆಲ್ಲ ನಾನು ಕೇಳುವುದಿಲ್ಲ. ಊರಿನಲ್ಲಿ ಕೇಳುವವರು ಬೇಕಾದಷ್ಟು ಜನ ಇದ್ದಾರೆ. ಮದುವೆ ಬಗ್ಗೆ ಕೇಳುವವರು ಅದಕ್ಕಿಂತ ಜಾಸ್ತಿ. ಈ ಪತ್ರದಲ್ಲಿ ಬುದ್ಧಿಮಾತಿಗೆ ಜಾಗ ಇಟ್ಟಿಲ್ಲ. ಸುಮ್ನೆ ನಾನು ನೋಡಿದ್ದಷ್ಟನ್ನು ಬರೆಯುತ್ತೇನೆ, ಓದಿಕೊ.

ತೀರ್ಥಹಳ್ಳಿ ಎಲ್ಲಿ, ಬೀದರ್ ಎಲ್ಲಿ! ರಾಜ್ಯದ ಆ ತುದಿಯಲ್ಲಿ ಸೀಟು ಸಿಕ್ಕಿದಾಗ ಅಜ್ಜಿ ‘ಅಲ್ಲಿಂದ ಹೈದರಾಬಾದೇ ಹತ್ತಿರವಂತಲ್ಲ’ ಅಂತ ಒಂದು ವಾರ ಹೇಳಿಕೊಂಡು ಓಡಾಡಿದರು. ನೀನು ಅಲ್ಲಿಂದ ಮೊದಲು ಕಳಿಸಿದ ಫೋಟೋ ನಿನ್ನದಲ್ಲ, ಒಂದು ದೇವಣಿ ಹಸುವಿನದು. ಕಪ್ಪು ಬಿಳಿ ಮಚ್ಚೆ, ಜೋಲು ಕಿವಿ, ಎತ್ತರದ ಮೈ. ‘ನಮ್ಮ ಮಲೆನಾಡು ಗಿಡ್ಡ ಇದರ ಹೊಟ್ಟೆ ಕೆಳಗೆ ನುಸುಳಿ ಹೋಗಬಹುದು ಅತ್ತೆ’ ಅಂತ ಬರೆದಿದ್ದೆ. ಜೋಳದ ರೊಟ್ಟಿ ಗಟ್ಟಿ, ಬಿಸಿಲು ವಿಪರೀತ ಅಂತ ಗೊಣಗುತ್ತಿದ್ದವಳು, ಆಮೇಲೆ ರಜೆಗೆ ಬಂದಾಗ ನಮ್ಮ ಅಕ್ಕಿ ರೊಟ್ಟಿ ಮುಂದೆ ಕೂತು ಶೇಂಗಾ ಹಿಂಡಿ ಕೇಳುವಷ್ಟು ಆದೆ.

ಆ 2020ರ ಮಳೆಗಾಲ ಮರೆಯುವುದುಂಟಾ? ಕಾಲೇಜು ಮುಚ್ಚಿತ್ತು, ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಹಿಂದಿನ ಗುಡ್ಡ ಹತ್ತಿ, ಕೊಡೆ ಹಿಡಿದು, ಮೊಬೈಲಿಗೊಂದು ಪ್ಲಾಸ್ಟಿಕ್ ಕವರ್ ಹೊದಿಸಿ ಎಮ್ಮೆಯ ಎಲುಬು ಕೀಲುಗಳ ಪಾಠ ಕೇಳುತ್ತಿದ್ದೆ. ಕಾಲಿಗೆ ಇಂಬಳ ಹತ್ತಿದ್ದು ಕ್ಲಾಸ್ ಮುಗಿಯುವ ತನಕ ಗೊತ್ತೇ ಆಗುತ್ತಿರಲಿಲ್ಲವಂತೆ. ದನದ ಹೊಟ್ಟೆಯ ನಾಲ್ಕು ಭಾಗಗಳ ಹೆಸರುಗಳನ್ನೆಲ್ಲ ಕೊಟ್ಟಿಗೆಯಲ್ಲಿ ಗೌರಿಯ ಮೈಮೇಲೆ ಕೈಯಾಡಿಸಿ ಬಾಯಿಪಾಠ ಮಾಡಿದ್ದು ನೀನೊಬ್ಬಳೇ ಇರಬೇಕು. ಗೌರಿಗೂ ಅರ್ಧ ಪದವಿ ಬರಬೇಕಿತ್ತು, ಅಲ್ವಾ?

2022ರಲ್ಲಿ ಚರ್ಮಗಂಟು ರೋಗ ಊರೂರಿಗೆ ಹಬ್ಬಿದಾಗ ನೀನು ಇನ್ನೂ ಸ್ಟೂಡೆಂಟು. ಆದರೂ ದಿನಾ ಫೋನ್ ಮಾಡಿ ಲಸಿಕೆ ಹಾಕಿಸಿದಿರಾ, ಕೊಟ್ಟಿಗೆಗೆ ಹೊಗೆ ಹಾಕಿದಿರಾ, ನೊಣ ಉಣ್ಣೆ ನೋಡಿದಿರಾ ಅಂತ ಅಪ್ಪನ ಪ್ರಾಣ ತಿಂದೆಯಂತೆ. ಅಣ್ಣ ನನ್ನ ಹತ್ತಿರ ಗೊಣಗಿದ. ‘ಮಗಳು ನನ್ನನ್ನೇ ದನ ಕಾಯುವವನನ್ನಾಗಿ ಮಾಡಿಬಿಟ್ಟಳು’ ಅಂದ. ದನಿಯಲ್ಲಿ ಹೆಮ್ಮೆ ಇತ್ತು, ನಿನಗೆ ಹೇಳಿರಲಿಕ್ಕಿಲ್ಲ. ನಾನು ಹೇಳುತ್ತಿದ್ದೇನೆ.

ಈಗ ನಿನ್ನ ಕೈ ವಿಷಯ. ನೀನು ಈ ಕೋರ್ಸಿಗೆ ಸೇರಿದಾಗ ನೆಂಟರೆಲ್ಲ ಆಡಿದ್ದು ಒಂದೇ ಮಾತು: ‘ಈ ಕಡ್ಡಿಯಂಥ ಕೈ ಇಟ್ಟುಕೊಂಡು ದನದ ಡಾಕ್ಟರ್ರಾ?’ ನೀನು ಉತ್ತರ ಕೊಡಲಿಲ್ಲ. ಕಳೆದ ವರ್ಷ ಇಂಟರ್ನ್‌ಷಿಪ್ ನಡುವೆ ನಾಲ್ಕು ದಿನಕ್ಕೆ ಮನೆಗೆ ಬಂದಿದ್ದೆ. ನಾನೂ ಅಲ್ಲೇ ಇದ್ದೆ. ರಾತ್ರಿ ಗೌರಿಗೆ ನೋವು ಶುರುವಾಯಿತು. ಕರುವಿನ ಒಂದು ಕಾಲು ಮಾತ್ರ ಹೊರಗೆ, ಮೂತಿ ಕಾಣುತ್ತಿದೆ, ಇನ್ನೊಂದು ಮುಂಗಾಲು ಒಳಗೇ ಮಡಚಿಕೊಂಡಿದೆ. ಸುತ್ತ ನಿಂತವರು ಎಳೆಯಿರಿ ಎಳೆಯಿರಿ ಅನ್ನುತ್ತಿದ್ದರು. ನೀನು ‘ಯಾರೂ ಎಳೆಯಬಾರದು’ ಅಂದೆ. ಮೆಲ್ಲಗೇ ಅಂದೆ, ಆದರೆ ನಿಮ್ಮ ದೊಡ್ಡಪ್ಪ ಕೂಡ ಹಗ್ಗ ಬಿಟ್ಟು ಹಿಂದೆ ಸರಿದರು. ಆಮೇಲೆ ಕರುವನ್ನೇ ಒಳಕ್ಕೆ ತಳ್ಳಿದೆಯಲ್ಲ, ನನಗೆ ಎದೆ ಧಸಕ್ಕೆಂದಿತು. ಹೊರಗೆ ಬರಬೇಕಾದದ್ದನ್ನು ಇವಳು ಒಳಗೆ ದೂಡುತ್ತಿದ್ದಾಳಲ್ಲ ಅಂತ. ಗೊರಸು ಒಳಗೆ ಗೀರಬಾರದೆಂದು ಅಂಗೈಯಲ್ಲಿ ಮುಚ್ಚಿ ಹಿಡಿದು ಕಾಲನ್ನು ಸರಿ ಮಾಡಿದೆ ಅಂತ ನೀನು ಆಮೇಲೆ ವಿವರಿಸಿದೆ. ಗೌರಿ ತಿಣುಕಿದಾಗ ಎಳೆ, ನಿಲ್ಲಿಸಿದಾಗ ನಿಲ್ಲಿಸು. ಕರು ಬಂತು. ಮೂಗು ಒರೆಸಿ, ಹುಲ್ಲಿನಿಂದ ಮೈ ಉಜ್ಜಿ, ಉಸಿರು ಬಂದ ಮೇಲೆ ನೀನು ಕೇಳಿದ್ದು ‘ಅತ್ತೆ, ಕಾಫಿ ಇದೆಯಾ?’ ಅಂತ.

ಅಷ್ಟು ಚಿಕ್ಕ ಗಿಡ್ಡ ಹಸುವಿಗೆ ದಪ್ಪ ಕೈ ಆಗುತ್ತಿರಲಿಲ್ಲ. ಈ ಮಾತು ನಾನು ಆ ನೆಂಟರಿಗೆಲ್ಲ ಫೋನ್ ಮಾಡಿ ಹೇಳಿಯಾಗಿದೆ. ಕೆಲವರಿಗೆ ಎರಡೆರಡು ಸಲ.

ಬೀದರ್ ಕಡೆಯ ಹಳ್ಳಿಯಲ್ಲಿ ನೀನು ಒಬ್ಬ ಅಜ್ಜನ ಎಮ್ಮೆ ನೋಡುವ ವಿಡಿಯೋವನ್ನು ನಿನ್ನ ಗೆಳತಿ ಕಳಿಸಿದ್ದಳು. ‘ಮೇವು ತಿನ್ಲತ್ತದೇನ್ರಿ?’ ಅಂತ ಕೇಳುತ್ತಿದ್ದೀಯ. ಅಜ್ಜಿಗೆ ತೋರಿಸಿದೆ. ‘ಇದು ನಮ್ಮ ಹುಡುಗಿಯಲ್ಲ, ದನಿ ಮಾತ್ರ ಹಾಗೇ ಇದೆ’ ಅಂದುಬಿಟ್ಟರು. ಆ ಅಜ್ಜ ಕೊನೆಗೆ ‘ಛಲೋ ಆಯ್ತು ಬಿಡವ್ವ’ ಅಂದದ್ದು ನನಗೆ ನಿನ್ನ ಮಾರ್ಕ್ಸ್ ಕಾರ್ಡಿಗಿಂತ ಇಷ್ಟವಾಯಿತು. ಮಾರ್ಕ್ಸ್ ಕಾರ್ಡ್ ಕೂಡ ಚೆನ್ನಾಗಿದೆ, ಬೇಜಾರು ಮಾಡಿಕೊಳ್ಳಬೇಡ.

ಪಾರ್ಸೆಲ್‌ನಲ್ಲಿ ಗಮ್‌ಬೂಟ್ ಇದೆ, ನಿನ್ನ ಅಳತೆಯದೇ. ಕಾಲೇಜಿನಲ್ಲಿ ಯಾವಾಗಲೂ ಹುಡುಗರ ಸೈಜ್ ಸಿಗುತ್ತದೆ, ಬಟ್ಟೆ ತುರುಕಿ ಹಾಕಿಕೊಳ್ಳುತ್ತೇನೆ ಅಂದಿದ್ದೆಯಲ್ಲ. ಜೊತೆಗೆ ತಲೆಗೆ ಕಟ್ಟಿಕೊಳ್ಳುವ ಟಾರ್ಚ್ ಇದೆ. ಅವತ್ತು ರಾತ್ರಿ ನಾನು ಮೊಬೈಲ್ ಹಿಡಿದು ನಿಂತು ಬೆಳಕನ್ನು ಎಲ್ಲೆಲ್ಲೋ ಬಿಡುತ್ತಿದ್ದೆ ಅಂತ ನೀನು ಬೈದಿದ್ದೆ, ಇನ್ನು ಆ ಕಾಟ ಇಲ್ಲ. ಎಡಗಾಲಿನ ಬೂಟಿನೊಳಗೆ ಕೈ ಹಾಕಿ ನೋಡು, ಒಂದು ಕವರ್ ಇದೆ. ಅದು ಮಾವನದು. ಪುಸ್ತಕಕ್ಕಲ್ಲ, ಸೀರೆಗಲ್ಲ, ಉಳಿಸಿಡುವುದಕ್ಕಂತೂ ಅಲ್ಲ. ಗೆಳತಿಯರ ಜೊತೆ ಎಲ್ಲಾದರೂ ಸುತ್ತಾಡಿ ಬಾ. ಲೆಕ್ಕ ಕೇಳುವುದಿಲ್ಲ.

ಮುಂದಿನ ತಿಂಗಳು ಮೈಸೂರಿಗೆ ಬರುತ್ತೀಯಂತೆ. ಬರುವ ಮೊದಲು ಫೋನ್ ಮಾಡು, ಹೋಳಿಗೆ ಮಾಡಿಡುತ್ತೇನೆ. ಶೇಂಗಾದ್ದೇ ಮಾಡುತ್ತೇನೆ, ನೀನೀಗ ಆ ಕಡೆಯವಳು.

ಪ್ರೀತಿಯಿಂದ,
ನಿನ್ನ ಅತ್ತೆ

ವಿ.ಸೂ.: ಎದುರು ಮನೆಯವರಿಗೆ ನೀನು ಡಾಕ್ಟರ್ ಆದದ್ದು ಗೊತ್ತಾಗಿದೆ. ಅವರ ನಾಯಿ ಕಿವಿ ಕೆರೆದುಕೊಳ್ಳುತ್ತಿದೆಯಂತೆ. ಬಂದ ದಿನವೇ ಕರೆತರುತ್ತಾರೆ. ಫೀಸ್ ಕೇಳು, ಸಂಕೋಚ ಬೇಡ, ಅವರು ನಮ್ಮ ಪಾತ್ರೆ ಇನ್ನೂ ವಾಪಸ್ ಕೊಟ್ಟಿಲ್ಲ.