2018ರಿಂದ 2024ರವರೆಗೆ ನೀವು ಎಲ್ಲಿಯೂ ಕೆಲಸ ಮಾಡಿಲ್ಲವಲ್ಲ, ಕಾರಣವೇನು?

ಸರ್, ಮೇಡಂ, ನೀವು ಕೇಳಿದ್ದು ಸರಿಯಾಗಿದೆ. ಆ ಅವಧಿಯಲ್ಲಿ ನಾನು ಯಾವ ಸಂಸ್ಥೆಯಲ್ಲಿಯೂ ಸಂಬಳಕ್ಕೆ ದುಡಿದಿಲ್ಲ. ಆದ್ದರಿಂದಲೇ ಅರ್ಜಿಯಲ್ಲಿ ಆ ವರ್ಷಗಳನ್ನು ಹಾಗೆಯೇ ಖಾಲಿ ಬಿಟ್ಟಿದ್ದೇನೆ.

ಮಡಿಕೇರಿಯ ಕಾಫಿ ವ್ಯಾಪಾರ ಸಂಸ್ಥೆಯೊಂದರಲ್ಲಿ ನಾನು ಲೆಕ್ಕಪತ್ರ ಸಹಾಯಕಿಯಾಗಿದ್ದೆ. 2018ರ ಆಗಸ್ಟ್‌ನಲ್ಲಿ ಸುರಿದ ಮಳೆಗೆ ಮಕ್ಕಂದೂರು ಭಾಗದಲ್ಲಿ ಗುಡ್ಡಗಳು ಕುಸಿದಾಗ ನಮ್ಮ ತೋಟದ ಮೇಲುಭಾಗವೂ ಕೊಚ್ಚಿಹೋಯಿತು. ಅದಾದ ಕೆಲವೇ ತಿಂಗಳಲ್ಲಿ ತಂದೆಯವರಿಗೆ ಪಾರ್ಶ್ವವಾಯು ತಗುಲಿ ಬಲಗೈ ಸ್ವಾಧೀನ ತಪ್ಪಿತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲವಾದ್ದರಿಂದ ಕೆಲಸ ಬಿಡುವ ನಿರ್ಧಾರವನ್ನು ನಾನೇ ಮಾಡಿದೆ. ಇಂದಿಗೂ ಅದು ಸರಿಯಾದ ನಿರ್ಧಾರವೆಂದೇ ನಂಬಿದ್ದೇನೆ.

ಆರೈಕೆಯ ಜೊತೆಗೆ ಉಳಿದ ತೋಟದ ಲೆಕ್ಕವೆಲ್ಲ ನನ್ನ ಕೈಯಲ್ಲೇ ಇತ್ತು. ಪಹಣಿಯಲ್ಲಿ ಕುಟುಂಬದ ಹಲವರ ಹೆಸರು ಜಂಟಿಯಾಗಿದ್ದುದರಿಂದ ಪರಿಹಾರದ ಅರ್ಜಿಗೆ ಪ್ರತಿಯೊಬ್ಬರ ಒಪ್ಪಿಗೆ ಪಡೆದು ದಾಖಲೆ ಹೊಂದಿಸಬೇಕಾಯಿತು. ಕೊಯ್ಲಿನ ಕಾಲದಲ್ಲಿ ಪ್ರತಿ ಸಂಜೆ ಚೀಲಗಳನ್ನು ತೂಗಿಸಿ, ಒಬ್ಬೊಬ್ಬ ಆಳಿನ ಹೆಸರಿನ ಮುಂದೆ ಕೊಯ್ದ ಹಣ್ಣಿನ ಕಿಲೋ ಬರೆದು, ಮುಂಗಡ ಕಳೆದು, ಸಂತೆಯ ಮುನ್ನಾದಿನ ಬಟವಾಡೆ ಮಾಡುತ್ತಿದ್ದೆ. ಕೂಲಿಯಲ್ಲಿ ಹತ್ತು ರೂಪಾಯಿ ವ್ಯತ್ಯಾಸವಾದರೂ ಎದುರಿಗೆ ನಿಂತವರಿಗೆ ಆಗಲೇ ಉತ್ತರ ಹೇಳಬೇಕಾಗುತ್ತದೆ. ಆ ಶಿಸ್ತು ನನಗೆ ಕಚೇರಿಯಲ್ಲಿ ಸಿಕ್ಕಿರಲಿಲ್ಲ. ಇದನ್ನು ಸಂಸ್ಥೆಯ ಅನುಭವಕ್ಕೆ ಸಮವೆಂದು ನಾನು ಹೇಳುವುದಿಲ್ಲ. ಆದರೆ ನಿಮ್ಮ ಕ್ಯೂರಿಂಗ್ ವರ್ಕ್ಸ್‌ಗೆ ಚೆರಿ, ಪಾರ್ಚ್‌ಮೆಂಟ್ ತರುವ ಬೆಳೆಗಾರರು ತೂಕ, ತೇವಾಂಶ, ಔಟ್‌ಟರ್ನ್ ಕುರಿತು ಏನನ್ನು ಪ್ರಶ್ನಿಸುತ್ತಾರೆ, ಏಕೆ ಪ್ರಶ್ನಿಸುತ್ತಾರೆ ಎಂಬುದು ನನಗೆ ಚೆನ್ನಾಗಿ ಗೊತ್ತು.

ನಾನು ಹಿಂದೆ ಬಿದ್ದಿರುವ ವಿಷಯಗಳನ್ನೂ ಹೇಳುತ್ತೇನೆ. ನಾನು ಕೆಲಸ ಬಿಟ್ಟಾಗ ಜಿಎಸ್‌ಟಿ ಬಂದು ಒಂದು ವರ್ಷವಷ್ಟೇ ಆಗಿತ್ತು, ಟ್ಯಾಲಿ ಇಆರ್‌ಪಿ 9 ಬಳಕೆಯಲ್ಲಿತ್ತು. ಆಮೇಲೆ ಟ್ಯಾಲಿ ಪ್ರೈಮ್ ಬಂದಿದೆ, ಜಿಎಸ್‌ಟಿಆರ್-2ಬಿ ಬಂದಿದೆ, 2023ರ ಆಗಸ್ಟ್‌ನಿಂದ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದವರಿಗೂ ಇ-ಇನ್‌ವಾಯ್ಸ್ ಕಡ್ಡಾಯವಾಗಿದೆ. ಕಳೆದ ಕೆಲವು ತಿಂಗಳುಗಳಿಂದ ಕುಶಾಲನಗರದ ತೆರಿಗೆ ಸಲಹೆಗಾರರೊಬ್ಬರ ಬಳಿ ಕುಳಿತು ಖರೀದಿ ಬಿಲ್ಲುಗಳನ್ನು 2ಬಿಯೊಂದಿಗೆ ತಾಳೆ ನೋಡುವುದನ್ನು ಕಲಿತಿದ್ದೇನೆ. ಇ-ಇನ್‌ವಾಯ್ಸ್ ತಯಾರಿಸುವುದನ್ನು ನೋಡಿದ್ದೇನೆ, ಸ್ವತಂತ್ರವಾಗಿ ಇನ್ನೂ ಮಾಡಿಲ್ಲ.

ಮತ್ತೆ ನಡುವೆ ಬಿಟ್ಟುಹೋಗುವೆನೇ ಎಂಬ ಅನುಮಾನ ನಿಮಗಿರುವುದು ಸಹಜ. ತಂದೆಯವರು ಈಗ ಕೋಲಿನ ಆಸರೆಯಲ್ಲಿ ತಾವೇ ಓಡಾಡುತ್ತಾರೆ. ನನ್ನ ತಮ್ಮ ಊರಿಗೆ ಮರಳಿ ತೋಟ ವಹಿಸಿಕೊಂಡಿದ್ದಾನೆ. ಕೊಯ್ಲಿಗೆಂದು ನಾನು ರಜೆ ಕೇಳಬೇಕಾಗಿಲ್ಲ. ಅನುಭವಕ್ಕೆ ತಕ್ಕ ಸಂಬಳವನ್ನೇ ನಿರೀಕ್ಷಿಸುತ್ತೇನೆ, ಬಿಡುವಿನ ವರ್ಷಗಳನ್ನು ಅನುಭವದಲ್ಲಿ ಸೇರಿಸಿ ಕೇಳುವುದಿಲ್ಲ. ತಮಗೆ ಒಪ್ಪಿಗೆಯಾದರೆ ಯಾವುದಾದರೂ ಒಂದು ತಿಂಗಳ ಖರೀದಿ ಬಿಲ್ಲುಗಳನ್ನು ಈಗಲೇ ಕೊಡಿ, ತಮ್ಮೆದುರಿಗೇ ತಾಳೆ ಮಾಡಿ ತೋರಿಸುತ್ತೇನೆ.