64 ಪುಸ್ತಕಗಳಿಗೆ ಬೂಷ್ಟು: ಶನಿವಾರ ಕೈಜೋಡಿಸಿ

ನಡಾವಳಿಯಲ್ಲಿ ದಾಖಲಾದದ್ದು

ವಿಷಯ 4: ತೇವಾಂಶದಿಂದ ಪುಸ್ತಕಗಳಿಗೆ ಉಂಟಾಗಿರುವ ಹಾನಿಯ ಬಗ್ಗೆ. ಹಿಂದಿನ ಕೊಠಡಿಯ ಉತ್ತರ ಗೋಡೆಗೆ ಹೊಂದಿಕೊಂಡಿರುವ 3 ಕಪಾಟುಗಳಲ್ಲಿನ 64 ಪುಸ್ತಕಗಳಲ್ಲಿ ಬೂಷ್ಟು ಕಂಡುಬಂದಿರುವುದನ್ನು ಗ್ರಂಥಪಾಲಕರು ಸಭೆಯ ಗಮನಕ್ಕೆ ತಂದರು. ಸುದೀರ್ಘವಾಗಿ ಚರ್ಚಿಸಿ, ಮಳೆನೀರಿನ ಕೊಳವೆಯನ್ನು ದುರಸ್ತಿಪಡಿಸಲು, ಕಪಾಟುಗಳನ್ನು ಸ್ಥಳಾಂತರಿಸಲು, ತೇವಾಂಶ ಮಾಪಕವನ್ನು ಅಳವಡಿಸಲು ಹಾಗೂ ಸದಸ್ಯರ ಸಹಕಾರದೊಂದಿಗೆ ಸದರಿ ಪುಸ್ತಕಗಳನ್ನು ಶುಚಿಗೊಳಿಸಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು. ಅಲ್ಲಿಯವರೆಗೆ ಅವುಗಳ ಎರವಲನ್ನು ತಡೆಹಿಡಿಯಲು ಅನುಮೋದಿಸಲಾಯಿತು.

ಸುದ್ದಿಪತ್ರದಲ್ಲಿ

ಹಿಂದಿನ ಕೊಠಡಿಗೆ ಕಾಲಿಟ್ಟರೆ ಮುಗ್ಗಲು ವಾಸನೆ ಮೂಗಿಗೆ ಬಡಿಯುತ್ತಿತ್ತಲ್ಲವೇ? ಕಾರಣ ಸಿಕ್ಕಿದೆ. ಹೊರಗಿನ ಮಳೆನೀರಿನ ಕೊಳವೆ ಬಿರುಕುಬಿಟ್ಟು ಉತ್ತರದ ಗೋಡೆ ನೀರು ಕುಡಿದಿದೆ. ಕಪಾಟುಗಳು ಗೋಡೆಗೆ ಅಂಟಿಕೊಂಡಿದ್ದರಿಂದ ಗಾಳಿಯಾಡದೆ 64 ಪುಸ್ತಕಗಳಿಗೆ ಬೂಷ್ಟು ಹಿಡಿದಿದೆ.

ಕೊಳವೆಯನ್ನು ಬುಧವಾರವೇ ಬದಲಿಸುತ್ತೇವೆ. ಗೋಡೆ ಒದ್ದೆಯಿರುವಾಗ ಎಷ್ಟು ಒರೆಸಿದರೂ ಬೂಷ್ಟು ಮತ್ತೆ ಬರುತ್ತದೆ. ಕಪಾಟುಗಳು ಇನ್ನು ಗೋಡೆಯಿಂದ 10 ಸೆಂ.ಮೀ. ಆಚೆಗೆ ನಿಲ್ಲುತ್ತವೆ. ಪುಸ್ತಕಗಳು ಈಗಾಗಲೇ ಮುಂದಿನ ಹಾಲ್‌ನಲ್ಲಿ ಫ್ಯಾನ್ ಕೆಳಗೆ ಒಣಗುತ್ತಿವೆ. ಬಿಸಿಲಿಗೆ ಇಟ್ಟಿಲ್ಲ, ಇಟ್ಟರೆ ರಟ್ಟು ಸೊಟ್ಟಗಾಗಿ ಬಣ್ಣ ಮಾಸುತ್ತದೆ.

ಶನಿವಾರ ಬೆಳಿಗ್ಗೆ 10ರಿಂದ 1ರವರೆಗೆ ವರಾಂಡದಲ್ಲಿ ಶುಚಿ ಕೆಲಸ. ಎಂಟು ಜನ ಬೇಕು. ಎನ್95 ಮಾಸ್ಕ್, ಕೈಗವಸು ಮತ್ತು ಎರಡು ಇಂಚಿನ ಮೆತ್ತನೆಯ, ಹೊಸ ಪೇಂಟ್ ಬ್ರಷ್ ತನ್ನಿ. ಮೊದಲು ಪುಸ್ತಕವನ್ನು ಬಿಗಿಯಾಗಿ ಮುಚ್ಚಿ ಹಿಡಿದು ಮೂರೂ ಅಂಚುಗಳನ್ನು ಬೆನ್ನಿನ ಕಡೆಯಿಂದ ಹೊರಕ್ಕೆ, ನಿಮ್ಮ ಮುಖಕ್ಕೆ ಎದುರಾಗದಂತೆ ಗುಡಿಸಬೇಕು. ಆಮೇಲೆ ರಟ್ಟು, ಕೊನೆಗೆ ಒಳಪುಟಗಳು. ಒದ್ದೆ ಬಟ್ಟೆ ಮಾತ್ರ ಬೇಡವೇ ಬೇಡ: ಬೂಷ್ಟು ಮೆತ್ತಿಕೊಂಡು ಕಾಗದದ ಒಳಗೇ ಇಳಿಯುತ್ತದೆ, ಕಲೆ ಮತ್ತೆ ಹೋಗುವುದಿಲ್ಲ. ಸ್ಯಾನಿಟೈಸರ್ ಕೂಡ ಬೇಡ, ಕೆಲವು ಶಾಯಿಗಳು ಕದಡುತ್ತವೆ. ಬ್ರಷ್ ಮಾಡಿದ ಮೇಲೂ ಪುಟ ತಣ್ಣಗೆ, ಮೆದುವಾಗಿ ತಾಕಿದರೆ ಆ ಪುಸ್ತಕ ಇನ್ನೂ ಒಣಗಿಲ್ಲ; ಪಕ್ಕಕ್ಕಿಡಿ.

ಆಸ್ತಮಾ, ಅಲರ್ಜಿ ಇರುವವರು ದಯವಿಟ್ಟು ವರಾಂಡಕ್ಕೆ ಬರಬೇಡಿ. ಒಳಗೆ ಕುಳಿತು ಪಟ್ಟಿ ಬರೆಯುವ ಕೆಲಸವೂ ಅಷ್ಟೇ ಮುಖ್ಯ, ಅದಕ್ಕೆ ಇಬ್ಬರು ಬೇಕು.

ಈ ಕಪಾಟುಗಳ ಪುಸ್ತಕ ನಿಮ್ಮ ಮನೆಯಲ್ಲಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ನೇರವಾಗಿ ಕೌಂಟರ್‌ಗೆ ಕೊಡಿ. ವಾಪಸಾತಿ ಪೆಟ್ಟಿಗೆಗೆ ಹಾಕಿದರೆ ಅಲ್ಲಿನ ಉಳಿದ ಪುಸ್ತಕಗಳಿಗೂ ತಗಲುತ್ತದೆ. ತಡವಾಗಿದ್ದರೂ ದಂಡವಿಲ್ಲ.

ಎರವಲು ಯಾವಾಗ ಶುರು? ಕೊಠಡಿಯ ಮಾಪಕ ಎರಡು ವಾರ ಸತತವಾಗಿ ಶೇ 55ಕ್ಕಿಂತ ಕೆಳಗೇ ಇದ್ದು, ಹೊಸ ಬೂಷ್ಟು ಕಾಣದಿದ್ದರೆ. ಮಾಪಕವನ್ನು ಬಾಗಿಲ ಪಕ್ಕದಲ್ಲೇ ತೂಗುಹಾಕುತ್ತೇವೆ, ನೀವೂ ನೋಡಬಹುದು. ಶನಿವಾರ ಬರುವವರು ಗುರುವಾರದೊಳಗೆ ಕೌಂಟರ್‌ನ ಪುಸ್ತಕದಲ್ಲಿ ಹೆಸರು ಬರೆಯಿರಿ.